ಸೊನ್ನೆಯ ಸಮೀಪಕ್ಕೆ ಚಲುವರಾಜು ಮೇಷ್ಟ್ರ ದಂಡಯಾತ್ರೆ

ಮದ್ದೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುವ ಚಲುವರಾಜು ಮೇಷ್ಟ್ರು ಇಪ್ಪತ್ತು ವರ್ಷದಿಂದ ಒಂದೇ ಮಾತಿಗೆ ನಿಂತವರು: x ಸೊನ್ನೆಗೆ ಹತ್ತಿರವಾದಂತೆ (1 − cos x)/x² ಅರ್ಧಕ್ಕೆ ಹತ್ತಿರವಾಗುತ್ತದೆ. ಅದನ್ನು ಕಂಪ್ಯೂಟರಿನಲ್ಲೇ ತೋರಿಸಿಬಿಡುತ್ತೇನೆಂದು ಇಡೀ ತರಗತಿಯ ಮುಂದೆ ಸಮರಕ್ಕಿಳಿದರು.

x 0.1 ಆದಾಗ 0.49958 ಬಂತು. 0.01 ಆದಾಗ 0.499996. ಗೆಲುವಿನ ಅಮಲಿನಲ್ಲಿ ಅವರು ಸೊನ್ನೆಗಳನ್ನು ಒತ್ತುತ್ತಾ 0.00000001ಕ್ಕೆ ನುಗ್ಗಿದರು. ಪರದೆ ತಣ್ಣಗೆ 0 ಎಂದಿತು.

"ಸಾ, ಅರ್ಧ ಎಲ್ಲೋಯ್ತು?" ಎಂದಳು ಮುಂದಿನ ಬೆಂಚಿನ ನಾಗಶ್ರೀ.

ಮೇಷ್ಟ್ರು ಮೂರು ಸಲ ಒತ್ತಿದರು. ಮೂರು ಸಲವೂ ಸೊನ್ನೆ. ಕೊನೆಗೆ ಹಲ್ಲು ಕಚ್ಚಿಕೊಂಡು ಹೇಳಿದರು: "ಅಷ್ಟು ಹತ್ರಕ್ಕೋದ್ರೆ ಇದು cos x ಅನ್ನ ಒಂದು ಅಂತ್ಲೇ ದುಂಡು ಮಾಡ್ಬುಡ್ತದೆ ಕಣಮ್ಮ. ಒಂದ್ರಲ್ಲಿ ಒಂದು ಕಳುದ್ರೆ ಏನು ಉಳ್ದದು?"

ಭಿನ್ನರಾಶಿಯ ಮೇಲಿನ 1 − cos x ಅನ್ನು ಅದಕ್ಕೆ ಸಮನಾದ 2 sin²(x/2) ಎಂದು ತಿದ್ದಿ ಒತ್ತಿದರು. 0.5 ಬಂತು. ಮೇಷ್ಟ್ರು ಎದೆಯುಬ್ಬಿಸಿ ತಿರುಗಿದರು.

"ನಾವು ಸೊನ್ನೆ ಅಂತ ಪೆನ್ನಲ್ಲಿ ಬರ್ಕೊಂಡಾಯ್ತು ಸಾ," ಎಂದಳು ನಾಗಶ್ರೀ.