ಪಟ್ಟಿಯ ತುದಿಯಲ್ಲಿ ಬೈರಣ್ಣ

ನನ್ನ ಯಜಮಾನರು ಸೇತುರಾಮ್ ವಾಹನ ವಿಮೆಯ ಏಜೆಂಟರು. ಅವರ ಅಕ್ಷರ ಅವರಿಗೇ ಅರ್ಥವಾಗದು. ಹಾಗಾಗಿ ಪ್ರತಿ ಭಾನುವಾರ ವಾರದ ಪಟ್ಟಿ ಬರೆಯುವವಳು ನಾನು. ಪಾಲಿಸಿ ಮುಗಿಯಲು ಏಳು ದಿನ ಉಳಿದವರು ಮೊದಲು, ಆಮೇಲೆ ಹದಿನೈದು, ಕೊನೆಗೆ ಮೂವತ್ತು. ಒಂದೊಂದು ಗುಂಪಿನಲ್ಲೂ ದೊಡ್ಡ ಪ್ರೀಮಿಯಂ ಮೇಲೆ, ಚಿಕ್ಕದು ಕೆಳಗೆ. ದುಡ್ಡು ಕಟ್ಟಿದವರ ಹೆಸರಿಗೆ ಕೆಂಪು ಗೆರೆ, ಮುಂದಿನ ವಾರ ಆ ಹೆಸರೇ ಇರುವುದಿಲ್ಲ.

ತೊಂಬತ್ತೊಂಬತ್ತರಲ್ಲಿ ಒಂದು ಸಲ ಇಬ್ಬರೂ ಸ್ಕೂಟರಿನಲ್ಲಿ ಕೋಣನಕುಂಟೆಗೆ ಹೋದೆವು. ಅಲ್ಲಿಯ ಬೈರಣ್ಣ ಜಮೀನು ಮಾರಿ ಎರಡು ಲಾರಿ ತೆಗೆದವರು, ನಮ್ಮ ಅತಿ ದೊಡ್ಡ ಗಿರಾಕಿ. ಅವರು ಪಟ್ಟಿ ಕಸಿದು ನೋಡಿ ಸಿಟ್ಟಾದರು.

"ಏನಮ್ಮಾ ಇದು? ಎದುರುಮನೆ ಮರೆಪ್ಪಂದು ಒಂದು ಹಳೇ ಜೀಪು. ಅವನು ಮೇಲೆ, ನಾನು ಕೆಳಗಾ?"

"ಅವರದು ಈ ವಾರ ಮುಗಿಯುತ್ತೆ, ನಿಮಗಿನ್ನೂ ಇಪ್ಪತ್ತೈದು ದಿನ ಇದೆ. ಕೊನೇ ವಾರಕ್ಕೆ ಬಂದ್ರೆ ನೀವೇ ಮೊದಲು," ಎಂದೆ. ನನ್ನ ಬಾಯಿ ಸುಮ್ಮನಿರಬಾರದಿತ್ತೇ!

"ಹಂಗಾ? ಮೇಲಕ್ಕೆ ಬಂದ್ಮೇಲೇ ಕೊಡ್ತೀನಿ," ಎಂದರು ಬೈರಣ್ಣ.

ಮರೆಪ್ಪ ಆ ದಿನವೇ ಕಟ್ಟಿಬಿಟ್ಟರು. ಬೈರಣ್ಣ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೊನೆಯ ಸೋಮವಾರ ಅವರ ಹೆಸರು ತುದಿಗೇರಿತು. ನಾವು ಒಯ್ದ ಪಟ್ಟಿಯನ್ನು ಬೈರಣ್ಣ ಹಿಗ್ಗಿ ಗೋಡೆಗೆ ಅಂಟಿಸಿಕೊಂಡು, "ವಾರವೆಲ್ಲಾ ಹಿಂಗೇ ಇರ್ಲಿ ಸಾರ್, ದುಡ್ಡು ಆಮೇಲೆ," ಎಂದರು. ಪಾಲಿಸಿ ಮುಗಿಯುವುದು ಶುಕ್ರವಾರ ಮಧ್ಯರಾತ್ರಿ. ಆಮೇಲೆ ಲಾರಿ ಯಾರಿಗಾದರೂ ಗುದ್ದಿದರೆ ಕಂಪನಿ ಒಂದು ಪೈಸೆ ಕೊಡದು, ಬೈರಣ್ಣನ ಸೈಟು ಮನೆ ಎಲ್ಲಾ ಹರಾಜಿಗೆ. ನಮ್ಮ ಯಜಮಾನರಿಗೆ ಊಟ ಸೇರಲಿಲ್ಲ. ನನಗಂತೂ ಆ ಮನುಷ್ಯನ ಮೇಲೆ ಮೈಯೆಲ್ಲಾ ಉರಿಯುತ್ತಿತ್ತು.

ಶುಕ್ರವಾರ ಬೆಳಿಗ್ಗೆಯೇ ಹೋದೆವು. ಬೈರಣ್ಣ ಆಗತಾನೇ ಮರೆಪ್ಪನನ್ನು ಕಾಫಿಗೆ ಕರೆದು ಗೋಡೆಯ ಮುಂದೆ ನಿಲ್ಲಿಸಿದ್ದರು.

"ನೋಡ್ಲಾ, ಎಲ್ಲಿದೀನಿ ನಾನು! ನೀನೆಲ್ಲಿ?"

ಮರೆಪ್ಪ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಇದು ದುಡ್ಡು ಕಟ್ದೇ ಇರೋರ ಪಟ್ಟಿ ಕಣೋ. ನಾನು ಕಟ್ಟಿ ಮೂರು ವಾರ ಆಯ್ತು. ನೀನೇ ಫಸ್ಟು ಬಾಕಿದಾರ. ಅದನ್ನ ಗೋಡೆಗೆ ಬೇರೆ ಅಂಟಿಸ್ಕೊಂಡಿದೀಯ!"

ಬೈರಣ್ಣ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ, ಸಂತೋಷದಿಂದಲೇ.

"ಲೇ, ಚೆಕ್ ಬುಕ್ ತಾರೇ!" ಎಂದು ಹೆಂಡತಿಯನ್ನು ಕೂಗಿದ ಸದ್ದಿಗೆ ಬೀದಿಯವರು ಹೊರಗೆ ಬಂದರು. ಎರಡು ಲಾರಿಗೂ ಚೆಕ್ ಬರೆದರು. ನಮ್ಮ ಯಜಮಾನರು ಚೆಕ್ ಜೇಬಿಗಿಟ್ಟು ಜಯನಗರದ ಆಫೀಸಿಗೆ ಸ್ಕೂಟರ್ ಓಡಿಸಿದರು, ನನ್ನನ್ನು ಅಲ್ಲೇ ಮರೆತು.

ನಾನು ಗೋಡೆಯ ಬಳಿ ಹೋಗಿ ಕೆಂಪು ಪೆನ್ನಿನಿಂದ ಬೈರಣ್ಣನ ಹೆಸರಿಗೆ ಗೆರೆ ಎಳೆದೆ.

"ಇನ್ನೂ ದಪ್ಪಗೆ ಎಳೀಮ್ಮಾ," ಎಂದರು ಅವರು. "ಎದುರುಮನೆಗೆ ಕಾಣ್ಬೇಕು."