ಇಬ್ಬರಾಗಿದ್ದ ಮುನಿವೆಂಕಟಯ್ಯ

ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಮುನಿವೆಂಕಟಯ್ಯ ಆಗಷ್ಟೇ ಸುತ್ತಿದ ಸ್ಪ್ರಿಂಗೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಹೆಬ್ಬೆರಳಿನಲ್ಲಿ ಸುರುಳಿಗಳನ್ನು ಸವರಿ, ಯಂತ್ರದ ಬೋಲ್ಟೊಂದನ್ನು ಕೂದಲೆಳೆಯಷ್ಟು ತಿರುಗಿಸಿದರು.

ಮಾಕಳಿಯ ಈ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಅವರು ಮೂವತ್ತೊಂದು ವರ್ಷದಿಂದ ಯಂತ್ರ ಹೊಂದಿಸುವ ಸೆಟ್ಟರ್. ಉಳಿದ ಯಂತ್ರಗಳಿಗೆ ಕಂಪ್ಯೂಟರ್ ಬಂದಿದೆ. ದಪ್ಪ ತಂತಿಯ ಹಳೆಯ ಯಂತ್ರಕ್ಕೆ ಬಂದಿಲ್ಲ. ತಂತಿಯ ಹೊಸ ಸುರುಳಿ ಬಂದಾಗಲೆಲ್ಲ ಅದು ಬಾಗಿ ಹಿಂದಕ್ಕೆ ಪುಟಿಯುವ ಪರಿ ಬದಲಾಗುತ್ತದೆ. ಯಂತ್ರವನ್ನು ಮತ್ತೆ ಕೈಯಲ್ಲೇ ಹೊಂದಿಸಬೇಕು.

ಸೋಮವಾರ ಅವರ ಎಡಗಣ್ಣಿನ ಪೊರೆಯ ಆಪರೇಷನ್. ಬಲಗಣ್ಣೂ ಮಂಜು. ಎರಡು ವಾರದ ರಜೆ ಮಂಜೂರಾಗಿತ್ತು. ಮಂಜೂರಾಗಲು ಗೋಡೆಯ ಬೋರ್ಡೇ ಕಾರಣ. ಪ್ರತಿ ಕೆಲಸದ ಎದುರು, ಅದನ್ನು ಯಾರ ನೆರವೂ ಇಲ್ಲದೆ ಮಾಡಬಲ್ಲವರ ಹೆಸರು. ಒಂದೇ ಹೆಸರಿದ್ದರೆ ಕೆಂಪು ಗುಂಡಿ, ಎರಡಿದ್ದರೆ ಹಸಿರು. ಕೆಂಪಿದ್ದರೆ ರಜೆಯಿಲ್ಲ. ಹಳೆಯ ಯಂತ್ರದ ಎದುರು ನಾಲ್ಕು ತಿಂಗಳಿಂದ ಹಸಿರಿತ್ತು.

ಬೋರ್ಡು ನೋಡಿಕೊಳ್ಳುವ ರಾಧಾಮಣಿ ಸೋಮವಾರದ ಏರ್ಪಾಡಿಗೆಂದು ಕೆಳಗೆ ಬಂದರು.

"ಸಬೀರಾ, ಬೋರ್ಡಲ್ಲಿ ಎರಡನೇ ಹೆಸರಿದೆಯಲ್ಲ, ಈ ವೆಂಕಟಣ್ಣ ಯಾವ ಶಿಫ್ಟು?"

ಪಕ್ಕದ ಯಂತ್ರದ ಸಬೀರಾ ತಲೆಯೆತ್ತಿದಳು. "ನಿಮ್ಮ ಮುಂದೇನೇ ಇದಾರಲ್ಲ ಮೇಡಂ."

"ಇವರು ಮುನಿವೆಂಕಟಯ್ಯ."

"ಅವ್ರೇ ಕಣ್ರೀ ವೆಂಕಟಣ್ಣ. ಬೋರ್ಡಲ್ಲಿ ಇಬ್ಬರು ಮಾಡಿದ್ರೆ ಕ್ಯಾಂಟೀನಲ್ಲಿ ಎರಡು ಊಟ ಕೊಡಿ."

ರಾಧಾಮಣಿ ಹಳೆಯ ಪಟ್ಟಿಗಳನ್ನು ತೆಗೆದು ನೋಡಿದರು. ಬೋರ್ಡಿಗೆ ಬೆಳಗಿನ ಪಾಳಿಯ ಮೇಲ್ವಿಚಾರಕ ಹಾಜರಿ ಪುಸ್ತಕದ ಹೆಸರು ಕೊಟ್ಟಿದ್ದ, ಮಧ್ಯಾಹ್ನದವನು ಎಲ್ಲರೂ ಕರೆಯುವ ಹೆಸರು. ಮುನಿವೆಂಕಟಯ್ಯನವರ ಪಾಳಿ ಬದಲಾದಾಗಲೂ ಯಂತ್ರದ ಮುಂದೆ ಇದ್ದದ್ದು ಅವರೊಬ್ಬರೇ.

"ನಿಮಗೆ ಗೊತ್ತಿತ್ತಾ ಅಣ್ಣ?" ರಾಧಾಮಣಿ ಮುನಿವೆಂಕಟಯ್ಯನವರನ್ನು ಕೇಳಿದರು.

"ಬೋರ್ಡು ನಂಗೆಲ್ಲಿ ಕಾಣ್ಸುತ್ತಮ್ಮ? ಅಸಿರು ಅಂತ ಏಳಿದ್ರು, ಒಳ್ಳೇದಾಯ್ತು ಅಂದ್ಕೊಂಡೆ."

ರಾಧಾಮಣಿ ಒಂದು ಹೆಸರು ಒರೆಸಿ ಕೆಂಪು ಗುಂಡಿ ಅಂಟಿಸಿದರು. ಬುಧವಾರ ಹೊಸ ತಂತಿ ಬರುವುದಿತ್ತು. ಮುನಿವೆಂಕಟಯ್ಯ ಕೈಕಟ್ಟಿ ನಿಂತಿರುವಾಗ ಸಬೀರಾ ಮೂರು ಸಲ ಒಬ್ಬಳೇ ಯಂತ್ರ ಹೊಂದಿಸಬೇಕು, ಮೂರೂ ಸಲ ಅಳತೆ ಸರಿಬರಬೇಕು. ಆಮೇಲಷ್ಟೇ ಅವಳ ಹೆಸರು, ಆಮೇಲಷ್ಟೇ ರಜೆ.

"ಆಗ್ಲಿ," ಎಂದರು ಮುನಿವೆಂಕಟಯ್ಯ. ಆಪರೇಷನ್ ಮುಂದೂಡಲು ಆಸ್ಪತ್ರೆಗೆ ಫೋನು ಮಾಡಿದಾಗಲೂ ಅಷ್ಟೇ ಹೇಳಿದರು. ಕೋಪವನ್ನು ಹುಡುಕಿದಂತೆ ಒಂದು ಕ್ಷಣ ನಿಂತರು. ಸಿಗಲಿಲ್ಲ. ಟೀ ಕುಡಿದರು.

ಮಧ್ಯಾಹ್ನ ಸಬೀರಾ ನೋಟ್‌ಬುಕ್ ಹಿಡಿದು ಬಂದಳು. "ಎಷ್ಟು ತಿರುಗಿಸ್ಬೇಕು ಅಣ್ಣ?"

"ಒಸಿ."

"ಒಸಿ ಅಂದ್ರೆ ಎಷ್ಟು ಅಂತ ಬರೀಲಿ?"

ಮುನಿವೆಂಕಟಯ್ಯ ಸ್ಪ್ಯಾನರನ್ನು ಬೋಲ್ಟಿಗೆ ಸಿಕ್ಕಿಸಿದರು. ಅವಳ ಕೈಯನ್ನು ಸ್ಪ್ಯಾನರ್ ಮೇಲಿಟ್ಟು ತಮ್ಮ ಕೈಯನ್ನು ಅದರ ಮೇಲಿಟ್ಟು ತಿರುಗಿಸಿದರು. ಅವಳು ಬೋಲ್ಟಿನ ಮೇಲೆ ಗುರುತು ಹಾಕಿಕೊಂಡು, 'ಗಡಿಯಾರದ ಮುಳ್ಳಿನ ಎರಡು ನಿಮಿಷದಷ್ಟು' ಎಂದು ಬರೆದಳು.

ಆಪರೇಷನ್ನಿನ ಹೊಸ ದಿನಾಂಕ ಮುಂದಿನ ತಿಂಗಳ ಒಂಬತ್ತು. ಸೋಮವಾರ ಮುನಿವೆಂಕಟಯ್ಯ ಬೆಳಗಿನ ಪಾಳಿಗೆ ಬಂದರು.