ಸಿಂಧನೂರಿಗೆ ಹೋದ ಕುಬಸದ ಸೀರೆ

ಮಗಳು ಸತ್ತ ಮನೆಗೆ, ಬಸುರಿಗೆ ಉಡಿಸುವ ಕುಬಸದ ಹಸಿರು ಸೀರೆ ಕಳಿಸಿದರಲ್ಲ, ಆ ಸಿಟ್ಟು ಶಂಭುಲಿಂಗನಿಗೆ ಇಂದಿಗೂ ಇಳಿದಿಲ್ಲ. ಕಳಿಸಬೇಡಿ ಎಂದು ಆ ಮನೆಯವರು ತಿಳಿಸಿದ್ದರು. ತಿಳಿಸಿದ್ದು ಅಂಗಡಿಯ ಕಂಪ್ಯೂಟರಿನಲ್ಲೇ ಬಿದ್ದಿತ್ತು. ಓದಲಿಕ್ಕೆ ಬರಲಿಲ್ಲ, ಅಷ್ಟೇ.

ಹುಬ್ಬಳ್ಳಿಯ ಗುರುಶಿದ್ದಪ್ಪನವರ ಸೀರೆ ಅಂಗಡಿಯಲ್ಲಿ ಶಂಭುಲಿಂಗ ಮೀಸೆ ಮೂಡಿದಾಗಿನಿಂದ ಗಾದಿಯ ಮೇಲೆ ಕೂತವನು. ಸಾಲಿ ಬಿಟ್ಟದ್ದು ನಾಲ್ಕನೆಯ ಇಯತ್ತೆಗೆ. ಹೆಣ್ಣುಮಗಳ ಮುಖ ನೋಡಿ ಸೀರೆ ಬಿಚ್ಚುತ್ತಿದ್ದ, ಒಪ್ಪದಿದ್ದರೆ ಬೈಯುತ್ತಿದ್ದ, ಬೈಸಿಕೊಂಡವರು ಮತ್ತೆ ಅವನ ಹತ್ತಿರವೇ ಬರುತ್ತಿದ್ದರು. ಎರಡು ಸಾವಿರದ ಏಳರಲ್ಲಿ ಸಾವ್ಕಾರರ ಅಣ್ಣನ ಮಗ ವಿನೋದ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದ. ಮಹಡಿಯ ಕೋಣೆಯಲ್ಲಿ ಎರಡು ಕಂಪ್ಯೂಟರ್ ಬಂದವು. ಬಂದ ಸಂದೇಶ ಓದಿ ಹೇಳಲಿಕ್ಕೆ ನಾಗರತ್ನಾ, ಸೀರೆ ಆರಿಸಿ ಕಟ್ಟಲಿಕ್ಕೆ ಶಂಭುಲಿಂಗ.

ಮೊದಮೊದಲು ಗೊತ್ತಾಗದ ಸಂದೇಶ ಬಂದರೆ ಶಂಭುಲಿಂಗನೇ ಫೋನ್ ಮಾಡಿ ಕೇಳುತ್ತಿದ್ದ. ಒಮ್ಮೆ ಯಾವನೋ ಚೇಷ್ಟೆಗೆಂದು ಏನೇನೋ ಒತ್ತಿ ಕಳಿಸಿದ. ಶಂಭುಲಿಂಗ ಫೋನಿನಲ್ಲಿ ಅವನ ವಂಶವನ್ನೆಲ್ಲ ಜಾಲಾಡಿಬಿಟ್ಟ. ಆ ಸಂಜೆಯೇ ವಿನೋದ ಫೋನ್ ಕಿತ್ತುಕೊಂಡು, ಗಿರಾಕಿಗಳು ನೋಡುವ ಸಹಾಯದ ಪುಟದಲ್ಲಿ ನಿಯಮ ಬರೆದು ಹಾಕಿದ. ನಾಗರತ್ನಾ ಅದನ್ನು ಕನ್ನಡ ಮಾಡಿ ಹೇಳಿದಳು: ಸಂದೇಶ ಓದಲು ಬಾರದಿದ್ದರೆ ಮತ್ತೆ ಬರೆಯಿರಿ ಎಂದು ನಿಮ್ಮ ಇ-ಮೇಲಿಗೆ ಒಂದು ಸಲ ಕೇಳುತ್ತೇವೆ. ಎರಡು ದಿನದೊಳಗೆ ಉತ್ತರ ಬಾರದಿದ್ದರೆ ಆ ಸಂದೇಶ ಬಂದೇ ಇಲ್ಲವೆಂದು ತಿಳಿದು ಮೊದಲಿನ ಆರ್ಡರಿನಂತೆ ಮಾಲು ಕಳಿಸುತ್ತೇವೆ.

"ಬಂದದ್ದನ್ನ ಬಂದಿಲ್ಲಂತ ಹೆಂಗ ತಿಳೀತೀಪಾ?" ಎಂದ ಶಂಭುಲಿಂಗ.

"ಹಂಗ ತಿಳಕೊಂಡ್ರ ನಿಮ್ಮ ಬಾಯಿಂದ ಗಿರಾಕಿ ಉಳೀತಾರ, ಕಾಕಾ," ಎಂದ ವಿನೋದ.

ಸಿಂಧನೂರಿನ ಫಕೀರಪ್ಪನ ಆರ್ಡರ್ ಬಂದದ್ದು ಆಮೇಲೆ. ಅವನ ಹೆಂಡತಿ ರತ್ನವ್ವ ಹುಬ್ಬಳ್ಳಿ ಕಡೆಯ ಗರಗದವಳು. ತನ್ನ ಕುಬಸದ ಸೀರೆ ಇದೇ ಅಂಗಡಿಯದು, ಬಸುರಿ ಮಗಳಿಗೂ ಇಲ್ಲಿಯದೇ ಆಗಬೇಕು ಎಂಬುದು ಅವಳ ಹಟ. ಹಣ ಮೊದಲೇ ಮುಟ್ಟಿತ್ತು. ಶಂಭುಲಿಂಗ ಕೆಂಪು ದಡಿಯ ಹಸಿರು ಇಳಕಲ್ಲು ಆರಿಸಿಟ್ಟ.

ಕಟ್ಟುವ ಮುನ್ನ ಫಕೀರಪ್ಪನ ಹೆಸರಿನಲ್ಲೇ ಒಂದು ಸಂದೇಶ ಬಂತು. ಇಂಗ್ಲಿಷ್ ಅಕ್ಷರ, ಅವುಗಳ ನೆತ್ತಿಯ ಮೇಲೆ ಗೀಟು, ಚುಕ್ಕೆ. ನಡುನಡುವೆ ಎಂಥವೋ ಚಿಹ್ನೆ.

"ವೈರಸ್ ಇರಬೇಕ್ರಿ," ಎಂದಳು ನಾಗರತ್ನಾ.

"ಫೋನ್ ನಂಬರ್ ಐತೇನು ನೋಡವಾ. ಕುಬಸದ ಸೀರಿ, ಏನರ ಬದಲಿ ಕೇಳಿರ್ತಾರ."

ನಂಬರ್ ಇತ್ತು. ವಿನೋದ ಫೋನ್ ಕೊಡಲಿಲ್ಲ. "ಎಲ್ಲಾದಕ್ಕೂ ಫೋನ್ ಮಾಡೂದಿದ್ರ ಆ ಪುಟ ಯಾಕ ಬರದೇನ್ರಿ ಕಾಕಾ? ಮೇಲ್ ಹೋಗೇತಿ. ಕಾಯ್ರಿ."

ಶಂಭುಲಿಂಗ ಸೀರೆಯನ್ನು ಗಾದಿಗೆ ಒಗೆದು ಕೆಳಗಿಳಿದು ಹೋದ. ರಸ್ತೆ ದಾಟಿದರೆ ಎಸ್‌ಟಿಡಿ ಬೂತ್. ಸಿಟ್ಟಿನ ಭರದಲ್ಲಿ ಅದು ಹೊಳೆಯಲಿಲ್ಲ. ಚಹಾದಂಗಡಿಯಲ್ಲಿ ಕೂತು ವಿನೋದನನ್ನು ಬೈದು ಬಂದ. ಎರಡು ದಿನ ಕಳೆದವು. ಉತ್ತರವಿಲ್ಲ. ತನ್ನ ಕೈಯಾರೆ ಸೀರೆ ಕಟ್ಟಿ ಕೊರಿಯರಿನವನಿಗೆ ಕೊಟ್ಟ.

ವಾರದ ಮೇಲೆ ಫಕೀರಪ್ಪನ ಫೋನ್ ಬಂತು. ವಿನೋದ ಇರಲಿಲ್ಲ, ಶಂಭುಲಿಂಗ ಎತ್ತಿದ.

"ಮಗಳು ತೀರಿಕೊಂಡಾಳ್ರಿ, ಸೀರಿ ಕಳಸಬ್ಯಾಡ್ರಿ ಅಂತ ಬರಸಿದ್ದೆ," ಎಂದಿತು ಆ ಕಡೆಯ ದನಿ. ಅದರಲ್ಲಿ ಸಿಟ್ಟಿರಲಿಲ್ಲ. "ಕಂಪ್ಯೂಟರ್ ಸೆಂಟರಿನ್ಯಾಗ ಕನ್ನಡದಾಗ ಹೊಡಿಸಿ ಕಳಿಸೇನಿ. ನಮ್ಮಾಕಿ ಒಳಗ ಏನೈತಂತ ಗೊತ್ತಿಲ್ದ ಪಾರ್ಸೆಲ್ ಬಿಚ್ಚಿದ್ಲು. ಅವತ್ತಿಂದ ಮಾತಾಡವಲ್ಲಳು."

ಮತ್ತೆ ಬರೆಯಿರಿ ಎಂದು ಕೇಳಿದ ಇಂಗ್ಲಿಷ್ ಮೇಲ್ ಹೋದದ್ದು ಆ ಸೆಂಟರಿನವನ ವಿಳಾಸಕ್ಕೆ. ಫಕೀರಪ್ಪನಿಗೆ ಸ್ವಂತದ್ದು ಇರಲಿಲ್ಲ. ಸಾವಾದ ಮನೆಯವನು ಮತ್ತೆ ಅತ್ತ ಹೋಗಲೂ ಇಲ್ಲ.

ನಾಗರತ್ನಾ ಆ ಸಂದೇಶವನ್ನು ಎತ್ತಿ, ಬಿಲ್ಲು ಹೊಡೆಯುವ ಕಡತದಲ್ಲಿಟ್ಟು, ಅಂಗಡಿಯ ಕನ್ನಡ ಫಾಂಟು ಹಚ್ಚಿದಳು. ಗೀಟು ಚುಕ್ಕೆಗಳೆಲ್ಲ ಕನ್ನಡವಾದವು. ಅದೇ ಫಾಂಟಿನಲ್ಲಿ ಇವರು ದಿನಾ ಬಿಲ್ಲು ಹೊಡೆಯುತ್ತಿದ್ದರು. ಅವಳು ಎರಡು ಸಾಲು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸಾವ್ಕಾರರು ಹಣ ಹಿಂದಿರುಗಿಸಿದರು. ವಿನೋದ ಪುಟದ ನಿಯಮ ತೋರಿಸಿ, "ನಮ್ಮದೇನೂ ತಪ್ಪಿಲ್ಲ" ಎಂದ. ಶಂಭುಲಿಂಗ ಅವನ ಕೊರಳಪಟ್ಟಿ ಹಿಡಿದ. ಅಂದೇ ಕೆಲಸ ಹೋಯಿತು.

ಆ ದಿನ ಫೋನ್ ಇಡುವ ಮೊದಲು ಫಕೀರಪ್ಪ ಒಂದೇ ಒಂದು ಕೇಳಿದ್ದ. "ರೊಕ್ಕ ಬ್ಯಾಡ್ರಿ. ನಾ ಬರಸಿದ್ದಕ್ಕ ಒಂದು ಉತ್ತರ ಬರೀರಿ, ಕನ್ನಡದಾಗ. ನಮ್ಮಾಕಿಗೆ ಓದಿ ಹೇಳ್ತೇನಿ."

"ನಾನ ಬರೀತೇನ್ರಿ," ಎಂದಿದ್ದ ಶಂಭುಲಿಂಗ.

ಈಗ ಅವನು ಗಬ್ಬೂರಿನ ಬೈಪಾಸಿನ ಹತ್ತಿರ ಒಂದು ಗೋದಾಮು ಕಾಯುತ್ತಾನೆ. ಪೋಸ್ಟಿನ ಕಾರ್ಡು ತಂದಿಟ್ಟು ಎಷ್ಟೋ ಸಲ ಕೂತಿದ್ದಾನೆ. ಫಕೀರಪ್ಪನವರಿಗೆ ಶರಣು ಎಂದು ಬರೆಯುತ್ತಾನೆ. ಮುಂದಿನ ಸಾಲಿಗೆ ಕೈ ಏಳುವುದಿಲ್ಲ. ಆ ಉತ್ತರ ಇನ್ನೂ ಬಾಕಿ ಇದೆ.